ಪ್ರೊಬೇಷನ್ ಮುಗಿಯಿತು, ಸಂಬಳದ ಮಾತು?

‘ಆರು ತಿಂಗಳ ಪ್ರೊಬೇಷನ್ ನಂತರ ಸಂಬಳವನ್ನು ಪರಿಶೀಲಿಸಲಾಗುವುದು’ ಎಂಬ ಸಾಲು ಅನೇಕರ ಆಫರ್ ಲೆಟರ್‌ನಲ್ಲಿರುತ್ತದೆ. ಅದು ಪರಿಶೀಲನೆಯ ಭರವಸೆಯೇ ಹೊರತು ಹೆಚ್ಚಳದ ಭರವಸೆಯಲ್ಲ. ಮ್ಯಾನೇಜರ್‌ಗೆ ಪತ್ರ ಬರೆಯುವವರು ಇದನ್ನು ಮೊದಲೇ ಅರಿತಿರಬೇಕು.

ಜನವರಿ 6ರಂದು ಬೆಂಗಳೂರಿನ ಕಂಪನಿಯೊಂದರ ಅಕೌಂಟ್ಸ್ ವಿಭಾಗ ಸೇರಿದ ಉದ್ಯೋಗಿಯೊಬ್ಬರನ್ನು ಊಹಿಸಿಕೊಳ್ಳಿ. ಜುಲೈ 5ಕ್ಕೆ ಅವರ ಪ್ರೊಬೇಷನ್ ಮುಗಿಯುತ್ತದೆ. ಆದರೆ ಕಂಪನಿಯ ನಿಯಮದಲ್ಲೋ ನೇಮಕಾತಿ ಪತ್ರದಲ್ಲೋ ಹಾಗೆಂದು ಬರೆದಿಲ್ಲದಿದ್ದರೆ, ಅವಧಿ ಮುಗಿದ ಮಾತ್ರಕ್ಕೆ ಕೆಲಸ ಸಾಮಾನ್ಯವಾಗಿ ತಾನಾಗಿಯೇ ಕಾಯಂ ಆಗುವುದಿಲ್ಲ. ಕನ್ಫರ್ಮೇಷನ್ ಲೆಟರ್ ಬಂದಿಲ್ಲವೆಂದರೆ ಅದನ್ನೂ ಇದೇ ಪತ್ರದಲ್ಲಿ ಕೇಳಬಹುದು.

ಪತ್ರದ ತಿರುಳು ಇಷ್ಟು: ‘ಡಿಸೆಂಬರ್ 12ರ ಆಫರ್ ಲೆಟರ್‌ನ 4ನೇ ಕಲಮಿನಲ್ಲಿ ಹೇಳಿದ ಸಂಬಳ ಪರಿಶೀಲನೆ ಬಾಕಿಯಿದೆ. ತಿಂಗಳ ಲೆಕ್ಕ ಮುಗಿಸಲು ಒಂಬತ್ತು ದಿನ ಹಿಡಿಯುತ್ತಿತ್ತು, ಈಗ ಐದು ದಿನ ಸಾಕಾಗುತ್ತಿದೆ. ಈ ಬಗ್ಗೆ ಮಾತನಾಡಲು ಮುಂದಿನ ವಾರ ಸಮಯ ಕೊಡಬೇಕೆಂದು ಕೋರುತ್ತೇನೆ.’

ಮನೆಬಾಡಿಗೆಯ ಕಷ್ಟ, ಸಹೋದ್ಯೋಗಿಯ ಸಂಬಳದ ಹೋಲಿಕೆ ಇಲ್ಲಿ ಬೇಡ. ‘ವಾರ್ಷಿಕ ಅಪ್ರೈಸಲ್‌ನಲ್ಲಿ ನೋಡೋಣ’ ಎಂಬ ಉತ್ತರ ಬಂದರೆ, ಆಗ ಸಿಗುವ ಹೆಚ್ಚಳ ಯಾವ ತಾರೀಖಿನಿಂದ ಅನ್ವಯವಾಗುತ್ತದೆ ಎಂದು ಇಮೇಲ್‌ನಲ್ಲೇ ಕೇಳಿ, ಉತ್ತರವನ್ನು ಉಳಿಸಿಕೊಳ್ಳಬೇಕು.