ಗುಬ್ಬಕ್ಕನ ಬಾಗಿಲು ತಟ್ಟುತ್ತಾ ನಿದ್ದೆಗೆ

ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಆಶ್ರಮ ಶಾಲೆಗಳಿಗೆ ಸೋಲಿಗರ ಪೋಡುಗಳಿಂದ, ಜೇನುಕುರುಬರ ಹಾಡಿಗಳಿಂದ ಮಕ್ಕಳು ಒಂದನೇ ತರಗತಿಗೇ ಬಂದು ಸೇರುತ್ತಾರೆ. ಆರು ವರ್ಷದ ಮಗುವಿಗೆ ಹಗಲು ಹೇಗೋ ಕಳೆಯುತ್ತದೆ. ರಾತ್ರಿ ಊಟ ಮುಗಿದು ಚಾಪೆ ಹಾಸಿದ ಮೇಲೆ ಅವ್ವನ ನೆನಪು ಬರುತ್ತದೆ. ಆ ಹೊತ್ತಿಗೆ ಎಲ್ಲರೂ ಸೇರಿ ಆಡಬಹುದಾದ ಕಥೆಯೊಂದು ನಮ್ಮ ಅಜ್ಜಿಯರ ಬಾಯಲ್ಲೇ ಇದೆ: ಕಾಗಕ್ಕ ಗುಬ್ಬಕ್ಕನ ಕಥೆ.

ಕಾಗಕ್ಕನದು ಸಗಣಿ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಜೋರು ಮಳೆಗೆ ಸಗಣಿ ಮನೆ ಕೊಚ್ಚಿಹೋಗುತ್ತದೆ. ತೊಯ್ದ ಕಾಗಕ್ಕ ಬಂದು ಬಾಗಿಲು ತಟ್ಟಿದರೆ, ‘ತಾಳಕ್ಕಾ, ಮಗೂಗೆ ನೀರು ಹಾಕ್ತಿದ್ದೀನಿ’ ಎನ್ನುತ್ತಾಳೆ ಗುಬ್ಬಕ್ಕ. ಮತ್ತೆ ತಟ್ಟಿದಾಗ ಉಣ್ಣಿಸುತ್ತಿರುತ್ತಾಳೆ, ಇನ್ನೊಮ್ಮೆ ತಟ್ಟಿದಾಗ ತೊಟ್ಟಿಲು ತೂಗುತ್ತಿರುತ್ತಾಳೆ. ನೆಪಗಳು ಊರಿಂದೂರಿಗೆ ಬದಲಾಗುತ್ತವೆ. ಆದರೆ ಈ ಮೂರೂ ಮಗುವನ್ನು ಮಲಗಿಸುವ ಕೆಲಸಗಳೇ, ಅದೂ ಸರಿಯಾದ ಕ್ರಮದಲ್ಲಿ.

30 ಮಕ್ಕಳಿರುವ ಹಾಲ್ ಎಂದುಕೊಳ್ಳೋಣ. ಎಲ್ಲರೂ ಬಚ್ಚಲಿಗೆ ಹೋಗಿಬಂದು ಚಾಪೆಯ ಮೇಲೆ ಕೂತಿರಬೇಕು. ನೀರಿನ ಸದ್ದು ಮಾಡುವ ಕಥೆಗೆ ಇದು ಮೊದಲೇ ಆಗಿರಲೇಬೇಕಾದ ಕೆಲಸ. ಅಂಗೈ ಉಜ್ಜಿದರೆ ಗಾಳಿ. ಎರಡು ಬೆರಳಿನಿಂದ ಅಂಗೈ ತಟ್ಟಿದರೆ ಮೊದಲ ಹನಿ. ಚಿಟಿಕೆ ಹೊಡೆಯುವುದು ಚಿಕ್ಕವರಿಗೆ ಕಷ್ಟ. ತೊಡೆ ಬಡಿದರೆ ಜಡಿಮಳೆ. ಕಥೆ ಹೇಳುವವರು ಸಾಲಿನ ಮುಂದೆ ನಡೆಯುತ್ತಾರೆ. ಅವರು ಎದುರಿಗೆ ಬಂದಾಗಲೇ ಆ ಮಗು ಸದ್ದು ಬದಲಿಸಬೇಕು. ಆಗ ಮಳೆ ಹಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಜವಾಗಿ ಹಾದುಹೋದಂತೆ ಕೇಳಿಸುತ್ತದೆ. ಗುಡುಗಿಗೆ ಮುಷ್ಟಿಯಿಂದ ನೆಲ ಗುದ್ದುವುದು ಮೂರೇ ಸಲ, ಮನೆ ಕೊಚ್ಚಿಹೋಗುವಾಗ ಮಾತ್ರ.

ಜೋರೆಲ್ಲ ಕಥೆಯ ಮೊದಲರ್ಧದಲ್ಲೇ ಮುಗಿಯಬೇಕು. ಅಲ್ಲಿಂದ ಮುಂದೆ ಎಲ್ಲವೂ ಇಳಿಮುಖ. ಮೊದಲ ಸಲ ಬಾಗಿಲು ತಟ್ಟುವುದು ನೆಲದ ಮೇಲೆ, ಎರಡನೆಯದು ಅಂಗೈ ಮೇಲೆ, ಮೂರನೆಯದು ಬರೀ ಉಗುರಿನಿಂದ. ನೀರು ಹಾಕುವಾಗ ‘ಜಳಜಳ’, ಉಣ್ಣಿಸುವಾಗ ‘ಆಂ’, ತೂಗುವಾಗ ‘ಜೋ’. ಅಷ್ಟರಲ್ಲಿ ಗುಬ್ಬಕ್ಕನ ಮಗು ಮಲಗಿರುತ್ತದೆ. ಅದು ಏಳಬಾರದೆಂದು ಕಾಗಕ್ಕನೂ ಪಿಸುಮಾತಿನಲ್ಲೇ ಕರೆಯುತ್ತಾಳೆ. ಬಾಗಿಲು ತೆರೆದೊಡನೆ ಎಲ್ಲರೂ ಒಳಗೆ ಬಂದು ಮಲಗುವುದು.

ಶಾಲೆಯ ಕನ್ನಡ ಇನ್ನೂ ಬಾರದ ಮಗುವೂ ಮೊದಲ ರಾತ್ರಿಯೇ ಮಳೆಯಾಗಬಹುದು. ಅಳುವ ಮಗುವನ್ನು ಆಟಕ್ಕೆ ಒತ್ತಾಯಿಸಬಾರದು. ಕಥೆ ಹೇಳುವವರ ಕೈ ಹಿಡಿದು ಅವರ ಜೊತೆ ನಡೆಯಲಿ. ಗುಡುಗು ನಿಲ್ಲದೆ ಗಲಾಟೆಯಾದರೆ ಗದರಬೇಕಿಲ್ಲ, ಹೇಳುವವರು ದನಿ ತಗ್ಗಿಸಿ ಅಂಗೈ ಉಜ್ಜತೊಡಗಿದರೆ ಸಾಲಿನ ಮಕ್ಕಳು ಒಬ್ಬೊಬ್ಬರಾಗಿ ಹಿಂಬಾಲಿಸುತ್ತಾರೆ. ಕಥೆ ಮುಗಿದ ಮೇಲೂ ಮಕ್ಕಳು ಎದ್ದೆದ್ದು ಕೂರುತ್ತಿದ್ದರೆ ಇಳಿಮುಖದ ಭಾಗ ಅವಸರವಾಗಿದೆ ಎಂದರ್ಥ. ಮರುದಿನ ತೊಟ್ಟಿಲು ತೂಗುವುದನ್ನು ಇನ್ನಷ್ಟು ಹೊತ್ತು ಎಳೆಯಬೇಕು.

ಕೆಲವು ಕಡೆ ಹೇಳುವ ಕಥೆಯಲ್ಲಿ ಕಾಗಕ್ಕ ಒಳಗೆ ಬಂದ ಮೇಲೆ ಕಾಳು ಕದ್ದು ತಿಂದು ಬರೆ ಹಾಕಿಸಿಕೊಳ್ಳುತ್ತಾಳೆ. ಮನೆ ಬಿಟ್ಟು ಬಂದ ಮಕ್ಕಳಿಗೆ ರಾತ್ರಿ ಹೊತ್ತು ಆ ಭಾಗ ಬೇಡ. ಅದನ್ನು ಭಾನುವಾರ ಮಧ್ಯಾಹ್ನ ಅಂಗಳದಲ್ಲಿ, ಗಲಾಟೆಗೆ ಅಡ್ಡಿಯಿಲ್ಲದಾಗ ಆಡಿಸಬಹುದು.