ಹತ್ತು ರೂಪಾಯಿ ನಾಣ್ಯದಷ್ಟು ಕಿಂಡಿ

ಮೊದಲ ಕ್ಯಾಮೆರಾ ಕೊಳ್ಳಲು ಅಂಗಡಿಗೆ ಹೋದವರು ಸಾಮಾನ್ಯವಾಗಿ ಕೇಳುವುದು ಮೆಗಾಪಿಕ್ಸೆಲ್ ಎಷ್ಟು ಎಂದು. ಫೋಟೊದ ರೂಪವನ್ನು ಅದಕ್ಕಿಂತ ಹೆಚ್ಚಾಗಿ ತೀರ್ಮಾನಿಸುವ ಅಂಕಿಯೊಂದು ಲೆನ್ಸಿನ ಮೂತಿಯ ಸುತ್ತ ಸಣ್ಣ ಬಿಳಿ ಅಕ್ಷರಗಳಲ್ಲಿ ಕೂತಿರುತ್ತದೆ. ಕ್ಯಾಮೆರಾದ ಜೊತೆಗೇ ಬರುವ 18-55 ಮಿ.ಮೀ. ಕಿಟ್ ಲೆನ್ಸನ್ನು ಬೆಳಕಿಗೆ ಹಿಡಿದು ಓದಿದರೆ ಅನೇಕ ಮಾದರಿಗಳಲ್ಲಿ 1:3.5-5.6 ಎಂದು ಕಾಣುತ್ತದೆ. ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿರುವ, ಜೂಮ್ ಆಗದ 50 ಮಿ.ಮೀ. ಪುಟ್ಟ ಲೆನ್ಸಿನ ಮೇಲೆ 1:1.8 ಎಂದಿರುತ್ತದೆ. ಅಪರ್ಚರ್ ಎಂಬುದನ್ನು ಅರ್ಥ ಮಾಡಿಕೊಳ್ಳಲು ಈ ಎರಡು ಲೆನ್ಸುಗಳೇ ಸಾಕು.

ಲೆನ್ಸಿನ ಒಳಗೆ ತೆಳುವಾದ ಲೋಹದ ಬ್ಲೇಡುಗಳು ಒಂದರ ಮೇಲೊಂದು ಸರಿಯುತ್ತ ನಡುವೆ ಒಂದು ಕಿಂಡಿಯನ್ನು ಬಿಡುತ್ತವೆ. ಬೆಳಕು ಸೆನ್ಸರಿಗೆ ಹೋಗುವ ದಾರಿ ಆ ಕಿಂಡಿಯೇ, ಅದೇ ಅಪರ್ಚರ್. ಅದನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ಆದರೆ ಲೆನ್ಸಿನ ಮೇಲೆ ಬರೆದಿರುವುದು ಕಿಂಡಿಯ ನೇರ ಅಳತೆ ಅಲ್ಲ. ಫೋಕಲ್ ಲೆಂತನ್ನು ಕಿಂಡಿಯ ವ್ಯಾಸದಿಂದ ಭಾಗಿಸಿದಾಗ ಬರುವ ಸಂಖ್ಯೆ ಅದು. ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು ಎಂಬ ತಿರುಗುಮುರುಗು ಲೆಕ್ಕ ಹೊಸಬರನ್ನು ಗೊಂದಲಕ್ಕೆ ಬೀಳಿಸುವುದು ಇದೇ ಕಾರಣಕ್ಕೆ. ಕ್ಯಾಮೆರಾದ ಪರದೆಯಲ್ಲಿ ಈ ಅಂಕಿ f/1.8, f/5.6 ಎಂಬಂತೆ ಅಥವಾ F1.8, F5.6 ಎಂದು ಕಾಣುತ್ತದೆ.

ಬೆಳಕಿನ ವಿಷಯವನ್ನು ಮೊದಲು ಮುಗಿಸಿಬಿಡಬಹುದು. f/5.6ಕ್ಕಿಂತ f/1.8 ಸುಮಾರು ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಸಂಜೆ ಮನೆಯೊಳಗೆ ಕಿಟ್ ಲೆನ್ಸು ಒಂದು ಫೋಟೊಗೆ ಸೆಕೆಂಡಿನ 20ನೇ ಒಂದು ಭಾಗದಷ್ಟು ಹೊತ್ತು ಕೇಳಿದರೆ, ಅದೇ ಬೆಳಕಿನಲ್ಲಿ 50 ಮಿ.ಮೀ. ಲೆನ್ಸಿಗೆ 200ನೇ ಒಂದು ಭಾಗ ಸಾಕು. ಮೊದಲನೆಯದರಲ್ಲಿ ಆಡುವ ಮಗುವಿನ ಕೈಕಾಲು ಗೀರಿನಂತೆ ಮೂಡುತ್ತದೆ. ಎರಡನೆಯದರಲ್ಲಿ ಬಹುಮಟ್ಟಿಗೆ ನಿಚ್ಚಳವಾಗಿ ನಿಲ್ಲುತ್ತದೆ.

ಆದರೆ ಜನ ಹೆಚ್ಚಾಗಿ ಈ ಲೆನ್ಸಿನ ಮೇಲೆ ಆಸೆಪಡುವುದು ಮುಖ ಸ್ಪಷ್ಟವಾಗಿದ್ದು ಹಿನ್ನೆಲೆ ಕರಗಿಹೋದ ಫೋಟೊಗಳಿಗಾಗಿ. ಅಲ್ಲಿ ಲೆಕ್ಕ ಬೇರೆ. ಫೋಕಸ್ ಆದ ಜಾಗದಿಂದ ಬಂದ ಬೆಳಕು ಸೆನ್ಸರಿನ ಮೇಲೆ ಒಂದು ಬಿಂದುವಾಗಿ ಕೂಡುತ್ತದೆ. ಅದರ ಹಿಂದೆ ದೂರದಲ್ಲಿರುವ ದೀಪದ ಬೆಳಕು ಸೆನ್ಸರ್ ತಲುಪುವ ಮೊದಲೇ ಕೂಡಿ, ದಾಟಿ, ಮತ್ತೆ ಹರಡಿಕೊಂಡು ಒಂದು ಬಿಲ್ಲೆಯಾಗಿ ಬೀಳುತ್ತದೆ. ಆ ಬಿಲ್ಲೆ ಎಷ್ಟು ದೊಡ್ಡದು? ಕೆನಡಾದ ಹೆರಾಲ್ಡ್ ಮರ್ಕ್ಲಿಂಗರ್ ಫೋಕಸ್ ಕುರಿತ ತಮ್ಮ ಬರಹಗಳಲ್ಲಿ ಇದಕ್ಕೊಂದು ಸರಳ ದಾರಿ ತೋರಿಸಿದ್ದಾರೆ: ಸೆನ್ಸರನ್ನು ಮರೆತು, ಅಳತೆಯನ್ನು ಎದುರಿನ ದೃಶ್ಯದಲ್ಲೇ ಮಾಡುವುದು. ಹಾಗೆ ಅಳೆದರೆ, ಬಹುದೂರದ ದೀಪವೊಂದರ ಬಿಲ್ಲೆಯು ಫೋಕಸ್ ಆದ ಮುಖದ ಪಕ್ಕದಲ್ಲಿ ಸರಿಯಾಗಿ ಲೆನ್ಸಿನ ಕಿಂಡಿಯಷ್ಟೇ ಅಗಲವಾಗಿ ಕಾಣುತ್ತದೆ.

ಈ ಒಂದು ವಾಕ್ಯ ಕೈಯಲ್ಲಿದ್ದರೆ ಅಂಗಡಿಯಲ್ಲೇ ನಿಂತು ಯಾವ ಲೆನ್ಸನ್ನಾದರೂ ತೂಗಿ ನೋಡಬಹುದು. 50ನ್ನು 1.8ರಿಂದ ಭಾಗಿಸಿದರೆ ಹತ್ತಿರಹತ್ತಿರ 28 ಮಿ.ಮೀ. ಬರುತ್ತದೆ, ಅಂದರೆ ದೂರದ ಪ್ರತಿ ದೀಪವೂ ಮುಖದ ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯದಷ್ಟು ಹರಡಿಕೊಳ್ಳುತ್ತದೆ. ಕಿಟ್ ಲೆನ್ಸನ್ನು 55ಕ್ಕೆ ತಿರುಗಿಸಿದಾಗ ಅದು ಕೊಡುವ ಅತಿ ದೊಡ್ಡ ಕಿಂಡಿ f/5.6, ಲೆಕ್ಕ ಹಾಕಿದರೆ ಸುಮಾರು 10 ಮಿ.ಮೀ. ಅದೇ ಲೆನ್ಸಿನ 18ರ ತುದಿಯಲ್ಲಿ ಅಂಕಿ f/3.5. ಅಂಕಿ ಚಿಕ್ಕದಾಯಿತಲ್ಲ, ಇನ್ನೂ ಹೆಚ್ಚು ಮಸುಕಾದೀತು ಎಂದು ನಂಬುವವರಿದ್ದಾರೆ. ಆದರೆ 18ನ್ನು 3.5ರಿಂದ ಭಾಗಿಸಿದರೆ ಸಿಗುವುದು 5 ಮಿ.ಮೀ. ಮಾತ್ರ. ಬೆಳಕನ್ನು ಹೇಳುವುದು f ಅಂಕಿ. ಹಿನ್ನೆಲೆ ಎಷ್ಟು ಕರಗುತ್ತದೆ ಎಂಬುದನ್ನು ಹೇಳುವುದು ಮಿಲಿಮೀಟರಿನಲ್ಲಿ ಕಿಂಡಿಯ ಗಾತ್ರ.

ಮೊಬೈಲಿನ ಗುಟ್ಟು ಕೂಡ ಇಲ್ಲೇ ಬಯಲಾಗುತ್ತದೆ. 2016ರ ಐಫೋನ್ 7ರಲ್ಲೂ f/1.8 ಎಂದೇ ಇತ್ತು, ಆದರೆ ಅದರ ಫೋಕಲ್ ಲೆಂತ್ ಸುಮಾರು 4 ಮಿ.ಮೀ. ಹಾಗಾಗಿ ಕಿಂಡಿ ಎರಡು ಮಿ.ಮೀ.ಗಿಂತ ತುಸು ಹೆಚ್ಚು, ಅಷ್ಟೆ. ಅಷ್ಟು ಸಣ್ಣ ಕಿಂಡಿ ಮುಖದ ಹಿಂದಿನ ಗೋಡೆಯನ್ನು ಮಸುಕು ಮಾಡಲಾರದು. ಈಚಿನ ಫೋನುಗಳ ಕಿಂಡಿಗಳು ದೊಡ್ಡದಾಗಿದ್ದರೂ ಇನ್ನೂ ಕೆಲವೇ ಮಿಲಿಮೀಟರಿನ ಲೆಕ್ಕದಲ್ಲಿವೆ. ಪೋರ್ಟ್ರೇಟ್ ಮೋಡಿನಲ್ಲಿ ಕಾಣುವ ಮಸುಕು ಫೋಟೊ ತೆಗೆದ ಮೇಲೆ ಫೋನು ಲೆಕ್ಕ ಹಾಕಿ ಬಳಿದದ್ದು. ಹಾರುವ ಕೂದಲೆಳೆ, ಕನ್ನಡಕದ ಅಂಚು, ಮುಡಿದ ಮಲ್ಲಿಗೆಯ ತುದಿಗಳನ್ನು ದೊಡ್ಡದು ಮಾಡಿ ನೋಡಿದರೆ ಆ ಲೆಕ್ಕ ತಪ್ಪಿದ ಕಡೆಗಳು ಗೊತ್ತಾಗುತ್ತವೆ.

ಇನ್ನೊಂದು ಅಚ್ಚರಿ ಇದೆ. ಅಂಗಡಿಯವರು ಎರಡು ಲೆನ್ಸಿನ ಕಿಟ್ ಎಂದು ಕೊಡುವಾಗ ಜೊತೆಗೆ ಹಾಕುವ 55-250 ಮಿ.ಮೀ. ಜೂಮನ್ನು ಗಮನಿಸಿ ನೋಡಬೇಕು. ಅದರ ಉದ್ದ ತುದಿಯಲ್ಲಿ ಅಂಕಿ f/5.6 ಅಥವಾ ಅದರ ಆಸುಪಾಸು. 250ನ್ನು 5.6ರಿಂದ ಭಾಗಿಸಿದರೆ ಸುಮಾರು 45 ಮಿ.ಮೀ. ಆ 50 ಮಿ.ಮೀ. ಲೆನ್ಸಿನ ಕಿಂಡಿಗಿಂತ ಇದು ದೊಡ್ಡದು! ಎರಡೂ ಇರುವ ಮನೆಯಲ್ಲಿ ಹಿನ್ನೆಲೆ ಮಸುಕು ಮಾಡಲೆಂದೇ ಮೂರನೆಯ ಲೆನ್ಸು ಕೊಳ್ಳುವ ಮುನ್ನ ಇದನ್ನು ಒಮ್ಮೆ ಪ್ರಯೋಗಿಸುವುದು ಒಳ್ಳೆಯದು. ಆದರೆ ಇದಕ್ಕೆ ಒಂದು ಷರತ್ತಿದೆ. ಎದೆಮಟ್ಟದ ಫೋಟೊಗೆ 50ರಲ್ಲಿ ಒಂದೂವರೆ ಮೀಟರ್ ದೂರ ಸಾಕಾದರೆ, 250ರಲ್ಲಿ ಏಳೂವರೆ ಮೀಟರ್ ಹಿಂದೆ ಸರಿಯಬೇಕು. ಹಿಂದಿನ ಗೋಡೆ ವ್ಯಕ್ತಿಯಿಂದ ಒಂದೂವರೆ ಮೀಟರಿನಲ್ಲೇ ಇದ್ದರೆ 50ರ ಬಿಲ್ಲೆ 14 ಮಿ.ಮೀ. ಆಗುತ್ತದೆ, 250ರದ್ದು ಏಳೂ ಚಿಲ್ಲರೆ. ಹೀಗಾಗಿ ಮನೆಯೊಳಗೆ 50 ಗೆಲ್ಲುತ್ತದೆ. ಹಿನ್ನೆಲೆ ಬಹುದೂರ ಇರುವ ಬಯಲಿನಲ್ಲಿ ಉದ್ದ ಜೂಮು ಗೆಲ್ಲುತ್ತದೆ.

ಇದನ್ನು ಒಂದು ನಿಜವಾದ ಜಾಗಕ್ಕೆ ಒಯ್ದು ನೋಡೋಣ. ಭಾನುವಾರ ಸಂಜೆ ಮೈಸೂರು ಅರಮನೆಗೆ ಹಾಕುವ ದೀಪಾಲಂಕಾರದಲ್ಲಿ ಬಲ್ಬುಗಳ ಸಂಖ್ಯೆ ಲಕ್ಷದ ಸಮೀಪ. ಅರಮನೆಯಿಂದ ನೂರು ಮೀಟರ್ ಈಚೆ ಒಬ್ಬರನ್ನು ನಿಲ್ಲಿಸಿ, ಅವರಿಂದ ಒಂದೂವರೆ ಮೀಟರಿನಲ್ಲಿ 50 ಮಿ.ಮೀ. ಲೆನ್ಸಿನಿಂದ f/1.8ರಲ್ಲಿ ಫೋಟೊ ತೆಗೆದರೆ ಏನಾಗುತ್ತದೆ? ಮರ್ಕ್ಲಿಂಗರ್ ದಾರಿಯಲ್ಲೇ ಲೆಕ್ಕ ಹಾಕಿದರೆ, ಪ್ರತಿ ಬಲ್ಬೂ ಅರಮನೆಯ ಗೋಡೆಯ ಮೇಲೆ ಸುಮಾರು ಎರಡು ಮೀಟರ್ ಅಗಲದ ಬಿಲ್ಲೆಯಾಗಿ ಹರಡಿಕೊಂಡಂತೆ. ಬಲ್ಬುಗಳು ಒತ್ತೊತ್ತಾಗಿರುವುದರಿಂದ ಬಿಲ್ಲೆಗಳು ಒಂದರ ಮೇಲೊಂದು ಬಿದ್ದು, ಕಮಾನುಗಳ ಅಂಚು ಕರಗಿ, ಹಿಂದೆ ಹೊಂಬಣ್ಣದ ಒಂದು ರಾಶಿ ಉಳಿಯುತ್ತದೆ. ಮುಖ ಸೊಗಸಾಗಿ ಎದ್ದು ಕಾಣಬಹುದು, ಆದರೆ ಫೋಟೊ ಮೈಸೂರಿನದೋ ಯಾವುದೋ ಮದುವೆ ಚಪ್ಪರದ್ದೋ ಎಂದು ಹೇಳುವುದು ಕಷ್ಟ. f/8ಕ್ಕೆ ತಂದರೆ ಕಿಂಡಿ 6 ಮಿ.ಮೀ. ಚಿಲ್ಲರೆ, ಗೋಡೆಯ ಮೇಲಿನ ಬಿಲ್ಲೆ 40 ಸೆಂ.ಮೀ. ಆಸುಪಾಸು. ಬಲ್ಬುಗಳು ಬಿಡಿಬಿಡಿಯಾಗಿ ಕಾಣದಿದ್ದರೂ ಗೋಪುರ, ಗುಮ್ಮಟ, ಕಮಾನುಗಳ ಸಾಲು ಗುರುತು ಸಿಗುತ್ತವೆ. ಊರು ಗೊತ್ತಾಗಬೇಕಾದ ಫೋಟೊಗೆ ಎರಡನೆಯದೇ ಸರಿ. ಬೆಳಕು ಮಾತ್ರ ಇಪ್ಪತ್ತು ಪಟ್ಟು ಕಡಿಮೆಯಾಗುತ್ತದೆ. ಅದನ್ನು ತುಂಬಲು ಐಎಸ್ಒ ಏರಿಸಬೇಕು, ಇಲ್ಲವೇ ಎದುರಿನವರು ಅಲುಗದೆ ನಿಲ್ಲಬೇಕು.

ಕಿಂಡಿ ದೊಡ್ಡದಾದಾಗ ಹಿನ್ನೆಲೆಯಷ್ಟೇ ಮಸುಕಾಗುತ್ತದೆ ಎಂದುಕೊಂಡರೆ ಮೋಸಹೋಗಬೇಕಾಗುತ್ತದೆ. ಕಿಟ್ ಲೆನ್ಸಿನ ಜೊತೆ ಸಿಗುವ ಬಹುತೇಕ ಕ್ಯಾಮೆರಾಗಳಲ್ಲಿರುವ ಎಪಿಎಸ್-ಸಿ ಅಳತೆಯ ಸೆನ್ಸರಿನಲ್ಲಿ, 50 ಮಿ.ಮೀ. f/1.8ರಲ್ಲಿ ಒಂದೂವರೆ ಮೀಟರಿನಿಂದ ತೆಗೆದರೆ ನಿಚ್ಚಳವಾಗಿರುವ ಪಟ್ಟಿ ಸುಮಾರು 6 ಸೆಂ.ಮೀ. ದಪ್ಪ. ಅರ್ಧ ಮೀಟರಿಗೆ ಬಂದರೆ 6 ಮಿ.ಮೀ. ಮಾತ್ರ. ಆಗ ಮೂಗುತಿ ಹೊಳೆಯುತ್ತದೆ, ಕಣ್ಣು ಮಂಜಾಗುತ್ತದೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಇದು ಕಾಣುವುದಿಲ್ಲ. ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ತೆರೆದಾಗಲೇ ಗೊತ್ತಾಗುತ್ತದೆ. ತೆಗೆದ ಕೂಡಲೇ ಫೋಟೊವನ್ನು ಜೂಮ್ ಮಾಡಿ ರೆಪ್ಪೆಗೂದಲು ನೋಡಿಬಿಟ್ಟರೆ ಇನ್ನೊಂದು ತೆಗೆಯಲು ಅವಕಾಶ ಇರುತ್ತದೆ. ಮನೆಮಂದಿಯನ್ನು ಎರಡು ಸಾಲಾಗಿ ನಿಲ್ಲಿಸಿ ನಾಲ್ಕು ಮೀಟರಿನಿಂದ ತೆಗೆಯುವಾಗ f/1.8ರ ಪಟ್ಟಿ ಅರ್ಧ ಮೀಟರಿಗಿಂತ ಕಡಿಮೆ. ಮುಂದಿನ ಸಾಲಿಗೆ ಫೋಕಸ್ ಆದರೆ ಹಿಂದೆ ನಿಂತ ಅಜ್ಜಿಯ ಮುಖ ಕೆಡುತ್ತದೆ. f/5.6ಕ್ಕೆ ತಂದರೆ ಪಟ್ಟಿ ಒಂದು ಮೀಟರನ್ನು ದಾಟುತ್ತದೆ, ಎರಡೂ ಸಾಲು ಉಳಿಯುತ್ತವೆ.

ಇಷ್ಟು ಮಸುಕಿನ ಪ್ರಮಾಣದ ಮಾತಾಯಿತು. ಅದರ ಗುಣಕ್ಕೆ ಬೊಕೆ ಎಂಬ ಜಪಾನಿ ಹೆಸರು ರೂಢಿಯಲ್ಲಿದೆ. ಅಮೆರಿಕದ ‘ಫೋಟೊ ಟೆಕ್ನಿಕ್ಸ್’ ಪತ್ರಿಕೆಯ ಸಂಪಾದಕ ಮೈಕ್ ಜಾನ್‌ಸ್ಟನ್ 1997ರಲ್ಲಿ ಇದರ ಬಗ್ಗೆ ಲೇಖನಗಳನ್ನು ಪ್ರಕಟಿಸಿದ ಮೇಲೆ ಜಪಾನಿನ ಹೊರಗೂ ಛಾಯಾಗ್ರಾಹಕರ ಬಾಯಲ್ಲಿ ಈ ಪದ ನಿಂತಿತು. ಆ ಲೇಖಕರಲ್ಲಿ ಮರ್ಕ್ಲಿಂಗರ್ ಕೂಡ ಒಬ್ಬರು. ಒಂದೇ ಅಳತೆಯ ಕಿಂಡಿಯ ಎರಡು ಲೆನ್ಸುಗಳು ಹಿನ್ನೆಲೆಯನ್ನು ಅಷ್ಟೇ ಕರಗಿಸಿದರೂ ಒಂದರ ಫೋಟೊ ಕಣ್ಣಿಗೆ ಹಿತವಾಗಿ, ಇನ್ನೊಂದರದ್ದು ಗಲಿಬಿಲಿಯಾಗಿ ಕಾಣಬಹುದು.

ಇದರ ಕಾರಣವನ್ನು ಬಿಲ್ಲೆಯಲ್ಲೇ ಹುಡುಕಬೇಕು. ಬಿಲ್ಲೆಯ ಆಕಾರ ಕಿಂಡಿಯ ಆಕಾರವೇ. ಕ್ಯಾನನ್ 1990ರಲ್ಲಿ ತಂದ ಅಗ್ಗದ 50 ಮಿ.ಮೀ. f/1.8 ಲೆನ್ಸಿನಲ್ಲಿ ಐದು ಬ್ಲೇಡುಗಳಿದ್ದವು. ಕಿಂಡಿಯನ್ನು ತುಸು ಕುಗ್ಗಿಸಿದರೆ ದೀಪಗಳೆಲ್ಲ ಐದು ಮೂಲೆಯ ಬಿಲ್ಲೆಗಳಾಗುತ್ತಿದ್ದವು. 2015ರ ಎಸ್‌ಟಿಎಂ ಮಾದರಿಯಲ್ಲಿ ಬ್ಲೇಡುಗಳು ಏಳಾಗಿ, ಅಂಚು ದುಂಡಗಾಯಿತು. ಎರಡೂ ಹಳೆಯ ಲೆನ್ಸುಗಳ ಮಾರುಕಟ್ಟೆಯಲ್ಲಿ ಇಂದಿಗೂ ಸಿಗುತ್ತವೆ, ಹೆಸರು ಹೆಚ್ಚುಕಮ್ಮಿ ಒಂದೇ ಆದ್ದರಿಂದ ನೋಡಿ ಕೊಳ್ಳಬೇಕು. ಆಕಾರಕ್ಕಿಂತ ಮುಖ್ಯವಾದದ್ದು ಬಿಲ್ಲೆಯೊಳಗೆ ಬೆಳಕು ಹರಡಿರುವ ರೀತಿ. ಅಂಚಿನಲ್ಲಿ ಹೊಳೆಯುವ ಗೆರೆ ಇದ್ದರೆ ಹಿಂದಿನ ಹುಲ್ಲು, ಕೊಂಬೆ, ತಂತಿಗಳೆಲ್ಲ ಜೋಡಿಗೆರೆಗಳಾಗಿ ಮುಖದಿಂದ ಕಣ್ಣನ್ನು ಸೆಳೆಯುತ್ತವೆ. ಅಂಚು ಮೆತ್ತಗೆ ಮಾಯವಾಗುವಂತಿದ್ದರೆ ಅವೇ ಕೊಂಬೆಗಳು ಸುಮ್ಮನೆ ಬಣ್ಣವಾಗಿ ಹಿಂದೆ ಸರಿಯುತ್ತವೆ.

ಅಂಗಡಿಯಲ್ಲಿ ಇದನ್ನು ಪರೀಕ್ಷಿಸಲು ಹೆಚ್ಚು ಹೊತ್ತು ಬೇಡ. ಮೇಲಿನ ಚಕ್ರವನ್ನು A ಅಥವಾ Av ಗುರುತಿಗೆ ತಿರುಗಿಸಿ, ಅಂಕಿಯನ್ನು ಅತಿ ಚಿಕ್ಕದಕ್ಕೆ ಇಳಿಸಿ, ಅರ್ಧ ಮೀಟರ್ ದೂರದಲ್ಲಿ ಚಾಚಿದ ಕೈಗೆ ಫೋಕಸ್ ಮಾಡಿ, ಹಿಂದೆ ರಸ್ತೆಯ ಇಲ್ಲವೇ ಅಂಗಡಿಯ ದೀಪಗಳು ಬರುವಂತೆ ಒಂದು ಫೋಟೊ ತೆಗೆಯಬೇಕು. ಆಮೇಲೆ f/4ರಲ್ಲಿ ಇನ್ನೊಂದು. ಬಿಲ್ಲೆಗಳನ್ನು ದೊಡ್ಡದು ಮಾಡಿ ನೋಡಿದರೆ ಮೂಲೆಗಳು, ಅಂಚಿನ ಗೆರೆ, ಒಳಗೆ ಈರುಳ್ಳಿಯ ಹೋಳಿನಂಥ ಉಂಗುರಗಳಿದ್ದರೆ ಅವು, ಎಲ್ಲ ಕಾಣುತ್ತವೆ. ಫೋಟೊದ ಅಂಚಿನ ಕಡೆಯ ಬಿಲ್ಲೆಗಳು ಬೆಕ್ಕಿನ ಕಣ್ಣಿನಂತೆ ಚಪ್ಪಟೆಯಾಗಿದ್ದರೆ ಲೆನ್ಸು ಹಾಳಾಗಿದೆ ಎಂದು ತಿಳಿಯಬೇಕಿಲ್ಲ. ಓರೆಯಾಗಿ ಬಂದ ಬೆಳಕನ್ನು ಲೆನ್ಸಿನ ಕೊಳವೆ ಸ್ವಲ್ಪ ಮರೆಮಾಡುವುದರಿಂದ ಹಾಗಾಗುತ್ತದೆ, ದುಬಾರಿ ಲೆನ್ಸುಗಳಲ್ಲೂ ಆಗುತ್ತದೆ. f/2.8ಕ್ಕೋ f/4ಕ್ಕೋ ಬಂದಾಗ ಅವು ಮತ್ತೆ ದುಂಡಗಾಗುತ್ತ ಹೋಗುತ್ತವೆ. ನಡುವಿನ ಬಿಲ್ಲೆಗಳೇ ಒಂದು ಬದಿಗೆ ಎಳೆದಂತೆ ವಾರೆಯಾಗಿದ್ದರೆ ಒಳಗಿನ ಗಾಜು ಜರುಗಿರುವ ಸಾಧ್ಯತೆ ಇದೆ. ಬಳಸಿದ ಲೆನ್ಸಾದರೆ ಅದನ್ನು ಬಿಟ್ಟು ಇನ್ನೊಂದನ್ನು ನೋಡುವುದು ಮೇಲು.