ಮುಂಜಾನೆಯ ನಾಡಿ, ಎಂಟು ವಾರದ ಲೆಕ್ಕ

ಝಳಕಿಯಂಥ ಊರಲ್ಲಿ ಕುರ್ಚಿ ಕೆಲಸದವರು ಕಡಿಮೆಯೇನಿಲ್ಲ. ಬ್ಯಾಂಕು, ಸೊಸೈಟಿ, ಪಂಚಾಯ್ತಿ, ಶಾಲೆಯ ಆಫೀಸು, ಹೆದ್ದಾರಿ ಬದಿಯ ಟ್ರಾನ್ಸ್‌ಪೋರ್ಟ್ ಕಚೇರಿ ಎಂದು ಹತ್ತರಿಂದ ಆರರವರೆಗೆ ಕೂತೇ ಇರುವವರು ಬೇಕಾದಷ್ಟು. ಇವರಲ್ಲಿ ಹಲವರು ಸಂಜೆ ವಾಕಿಂಗ್ ಹೋಗುತ್ತಾರೆ. ಹೋದವರ ದೂರೂ ಒಂದೇ: "ದಿನಾ ಅಡ್ಡಾಡತೀನ್ರಿ, ಆದ್ರ ಮೆಟ್ಟಲಾ ಹತ್ತಿದ್ರ ದಮ್ಮು ಹತ್ತೂದು ಕಡಿಮಿ ಆಗವಲ್ದು." ಮಾತಾಡುತ್ತ, ನಿಲ್ಲುತ್ತ, ಮತ್ತೆ ನಡೆಯುವ ಈ ಅಡ್ಡಾಟದಲ್ಲಿ ಹೃದಯಕ್ಕೆ ಎಷ್ಟು ಕೆಲಸ ಬಿತ್ತು ಎಂದು ಯಾರೂ ಎಣಿಸಿರುವುದಿಲ್ಲ. ಎಣಿಸಲು ಎರಡು ಬೆರಳು, ಒಂದು ಗಡಿಯಾರ ಸಾಕು.

ಮೊದಲು ಬೇಕಾದದ್ದು ವಿಶ್ರಾಂತಿಯ ನಾಡಿ. ಮುಂಜಾನೆ ಎಚ್ಚರವಾದ ಮೇಲೆ, ಚಹಾ ಕುಡಿಯುವ ಮೊದಲು, ಮೊಬೈಲ್ ಮುಟ್ಟುವ ಮೊದಲು, ಹಾಸಿಗೆಯಲ್ಲೇ ಎರಡು ನಿಮಿಷ ಸುಮ್ಮನಿರಬೇಕು. ಆಮೇಲೆ ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ತೋರುಬೆರಳು ಮತ್ತು ನಡುಬೆರಳಿಟ್ಟು ಪೂರ್ತಿ 60 ಸೆಕೆಂಡು ಎಣಿಸಬೇಕು. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ, ಒಂದು ಬಡಿತ ತಪ್ಪಿದರೂ ನಾಲ್ಕು ತಪ್ಪಿದಂತೆ. ಹೆಬ್ಬೆರಳಿನಿಂದ ಎಣಿಸುವುದೂ ಬೇಡ, ಅದರದೇ ಮಿಡಿತ ಲೆಕ್ಕಕ್ಕೆ ಸೇರುತ್ತದೆ. ಐದು ದಿನ ಬರೆದಿಟ್ಟು ಅವನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನ ಸಂಖ್ಯೆ ತೆಗೆದುಕೊಳ್ಳಿ. ಒಂದು ರಾತ್ರಿ ನಿದ್ದೆಗೆಟ್ಟರೆ ಆ ಮುಂಜಾನೆಯ ಸಂಖ್ಯೆ ಏರಿರುತ್ತದೆ, ಅದೊಂದನ್ನೇ ನಂಬಿದರೆ ಲೆಕ್ಕ ಕೆಡುತ್ತದೆ.

ಈಗ ಒಬ್ಬ ಗುಮಾಸ್ತರನ್ನು ಕಲ್ಪಿಸಿಕೊಳ್ಳೋಣ. ವಯಸ್ಸು 42, ಮುಂಜಾನೆಯ ನಾಡಿ 78. ಗರಿಷ್ಠ ಬಡಿತಕ್ಕೆ 220ರಲ್ಲಿ ವಯಸ್ಸು ಕಳೆಯುವ ಹಳೆಯ ಸೂತ್ರ ಎಲ್ಲರಿಗೂ ಗೊತ್ತು. 2001ರಲ್ಲಿ ತನಾಕಾ ಮತ್ತು ಸಂಗಡಿಗರು ಪ್ರಕಟಿಸಿದ ಸೂತ್ರ ನಡುವಯಸ್ಸಿನವರಿಗೆ ಹೆಚ್ಚು ಹೊಂದುತ್ತದೆ: ವಯಸ್ಸನ್ನು 0.7ರಿಂದ ಗುಣಿಸಿ 208ರಲ್ಲಿ ಕಳೆಯಬೇಕು. ಇವರಿಗೆ ಸುಮಾರು 179 ಬರುತ್ತದೆ. ಇದೂ ಅಂದಾಜೇ, ಒಬ್ಬೊಬ್ಬರಲ್ಲಿ ಹತ್ತು ಬಡಿತ ಆಚೀಚೆ ಆಗುವುದು ಸಾಮಾನ್ಯ.

179ರಲ್ಲಿ 78 ಕಳೆದರೆ 101. ದುಡಿಮೆಗೆ ಹೃದಯದ ಬಳಿ ಉಳಿದಿರುವ ಮೀಸಲು ಇಷ್ಟು. ಈ ಮೀಸಲಿನ ಶೇ 40ರಷ್ಟನ್ನು ವಿಶ್ರಾಂತಿಯ ನಾಡಿಗೆ ಕೂಡಿಸಿದರೆ 118, ಶೇ 50ಕ್ಕೆ 129, ಶೇ 60ಕ್ಕೆ 139, ಶೇ 70ಕ್ಕೆ 149. ಫಿನ್ಲೆಂಡಿನ ಮಾರ್ಟಿ ಕಾರ್ವೊನೆನ್ ಮತ್ತು ಸಂಗಡಿಗರು 1957ರಲ್ಲಿ ಹೊರತಂದ ಅಧ್ಯಯನದಿಂದ ಬೆಳೆದ ಲೆಕ್ಕ ಇದು. ಅವರು ತರಬೇತಿ ಕೊಟ್ಟದ್ದು ಬೆರಳೆಣಿಕೆಯ ಯುವಕರಿಗೆ. ಮೀಸಲಿನ ಶೇ 60ರಷ್ಟನ್ನಾದರೂ ದಾಟದೆ ಅವರಿಗೆ ಪ್ರಯೋಜನ ಕಾಣಲಿಲ್ಲ. ವರ್ಷಗಟ್ಟಲೆ ಕುರ್ಚಿಯಲ್ಲಿ ಕೂತವರಿಗೆ ಅಷ್ಟು ಎತ್ತರದ ಹೊಸ್ತಿಲು ಬೇಕಿಲ್ಲ, ಶೇ 40ರಿಂದಲೇ ದೇಹ ಬದಲಾಗತೊಡಗುತ್ತದೆ. ಸಂಜೆ ಮಾತಾಡುತ್ತ ನಡೆಯುವಾಗ ಇದೇ ಗುಮಾಸ್ತರ ನಾಡಿ 105ರ ಸುತ್ತ ಇದ್ದರೆ ಅವರ ದೂರಿಗೆ ಕಾರಣ ಅಲ್ಲೇ ಸಿಕ್ಕಿತು: ಆ ಹೊಸ್ತಿಲನ್ನೂ ಅವರು ಮುಟ್ಟಿಲ್ಲ.

ಮೊದಲ ಎರಡು ವಾರ ನಾಲ್ಕು ದಿನ ನಡಿಗೆ. ಐದು ನಿಮಿಷ ನಿಧಾನ, 20 ನಿಮಿಷ 118ರಿಂದ 129ರೊಳಗೆ, ಮತ್ತೆ ಐದು ನಿಮಿಷ ನಿಧಾನ. ನಮ್ಮ ಎರೆ ಭೂಮಿ ಸಪಾಟು, ಏರು ಇಲ್ಲ. ಹಾಗಾಗಿ ನಾಡಿ ಏರಿಸಲು ಹೆಜ್ಜೆ ಚುರುಕಾಗಬೇಕು, ಕೈ ಬೀಸಬೇಕು. ಲಾರಿಗಳು ಹರಿದಾಡುವ ಸೋಲಾಪುರ ರಸ್ತೆ ಇದಕ್ಕೆ ಬೇಡವೇ ಬೇಡ. ಶಾಲೆಯ ಮೈದಾನ ಒಳ್ಳೆಯದು, ಒಣಗಿದ ದಿನಗಳಲ್ಲಿ ಹೊಲದ ದಾರಿಯೂ ಆದೀತು. ಹತ್ತು ನಿಮಿಷಕ್ಕೊಮ್ಮೆ ನಿಂತ ತಕ್ಷಣ 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ಮುಂಜಾನೆ ಬೇಡವೆಂದ ಅಡ್ಡದಾರಿ ಇಲ್ಲಿ ಬೇಕಾಗುತ್ತದೆ, ಏಕೆಂದರೆ ನಿಂತರೆ ನಾಡಿ ಬೇಗ ಇಳಿಯುತ್ತದೆ. ಒಂದು ನಿಮಿಷ ಎಣಿಸುವಷ್ಟರಲ್ಲಿ ನಿಜ ಕೈತಪ್ಪಿರುತ್ತದೆ.

ಕೈಗಡಿಯಾರ ನಾಡಿ ತೋರಿಸುತ್ತದಲ್ಲ ಎನ್ನುವವರಿಗೆ ಒಂದು ಮಾತು. ಪಟ್ಟಿ ಸಡಿಲವಿದ್ದರೆ ಅದರ ಬೆಳಕಿನ ಸಂವೇದಕ ರಕ್ತದ ಮಿಡಿತ ಬಿಟ್ಟು ಹೆಜ್ಜೆಯ ಲಯವನ್ನೇ ಹಿಡಿದುಬಿಡುವುದುಂಟು. ಚುರುಕು ನಡಿಗೆಯಲ್ಲಿ ನಿಮಿಷಕ್ಕೆ 115-120 ಹೆಜ್ಜೆ ಬೀಳುತ್ತವೆ. ಈ ಗುಮಾಸ್ತರ ಗುರಿಯೂ ಅಲ್ಲಿಂದಲೇ ಶುರುವಾಗುತ್ತದೆ, ಹಾಗಾಗಿ ಸುಳ್ಳು ಸಂಖ್ಯೆ ನಿಜದಂತೆಯೇ ಕಾಣುತ್ತದೆ. ಮೊದಲ ವಾರ ಬೆರಳಿನ ಎಣಿಕೆಗೂ ಗಡಿಯಾರಕ್ಕೂ ತಾಳೆ ನೋಡಿ. ಐದಕ್ಕಿಂತ ಹೆಚ್ಚು ವ್ಯತ್ಯಾಸ ಬರುತ್ತಿದ್ದರೆ ಪಟ್ಟಿ ಬಿಗಿ ಮಾಡಿ, ಮಣಿಕಟ್ಟಿನ ಎಲುಬಿಗಿಂತ ಎರಡು ಬೆರಳು ಮೇಲಕ್ಕೆ ಸರಿಸಿ ಕಟ್ಟಿ.

ಮೂರು, ನಾಲ್ಕನೇ ವಾರ ಐದು ದಿನ, ಗುರಿಯೊಳಗಿನ ಹೊತ್ತು 30 ನಿಮಿಷ. ವಾರಕ್ಕೆ 150 ನಿಮಿಷವಾಯಿತು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಕನಿಷ್ಠ ಪ್ರಮಾಣವೂ ಇದೇ. ಹುರುಪು ಬಂದು ಓಡಬೇಕು ಅನ್ನಿಸುವುದೂ ಈ ಹಂತದಲ್ಲೇ. ಓಡಿದರೆ ನಾಡಿ 150 ದಾಟುತ್ತದೆ, ಮರುದಿನ ಮೀನಖಂಡ ಹಿಡಿಯುತ್ತದೆ, ಮೂರು ದಿನ ಮನೆಯಲ್ಲಿ ಕೂರಬೇಕಾಗುತ್ತದೆ. ತಡೆದುಕೊಳ್ಳಿ.

ಐದು, ಆರನೇ ವಾರ ಐದರಲ್ಲಿ ಒಂದು ದಿನ ಮಾತ್ರ ಬದಲು. ಮೈ ಕಾದ ಮೇಲೆ ಎರಡು ನಿಮಿಷ ಬಿರುಸು, ಮೂರು ನಿಮಿಷ ನಿಧಾನ, ಹೀಗೆ ನಾಲ್ಕು ಸಲ. ಬಿರುಸಿನ ಗುರಿ 139ರಿಂದ 149. ಶುರುವಿನಲ್ಲೇ ಈ ಸಂಖ್ಯೆ ಕಾಣಬೇಕೆಂದು ಓಡಬಾರದು. ಕಾಲು ಚುರುಕಾದ ಸ್ವಲ್ಪ ಹೊತ್ತಿನ ಮೇಲೆ ನಾಡಿ ಏರುತ್ತದೆ, ಎರಡನೇ ನಿಮಿಷದ ಕೊನೆಗೆ ಅಲ್ಲಿಗೆ ಬಂದರೆ ಸಾಕು. ಏಳನೇ ವಾರ ಬಿರುಸಿನ ಹೊತ್ತು ಮೂರು ನಿಮಿಷ. ಎಂಟನೆಯದರಲ್ಲಿ ಬಿರುಸು ಬಿಟ್ಟು ಮೂರೇ ದಿನ ಹಗುರ ನಡಿಗೆ, ಕೊನೆಗೊಂದು ಪರೀಕ್ಷೆ.

ಪರೀಕ್ಷೆಯನ್ನು ಮೊದಲ ವಾರವೂ ಮಾಡಿರಬೇಕು. ಅದೇ ಮೈದಾನ, ಅದೇ ಹೊತ್ತು, ನಾಡಿ 125ರ ಆಸುಪಾಸಿನಲ್ಲೇ ಇಟ್ಟು 20 ನಿಮಿಷ ನಡೆದರೆ ಎಷ್ಟು ಸುತ್ತಾಯಿತು? ಸುತ್ತು 200 ಮೀಟರಿನದಾಗಿ, ಆಗ ಒಂಬತ್ತಾಗಿದ್ದು ಈಗ ಹತ್ತಾದರೆ, ಅಷ್ಟೇ ಬಡಿತಕ್ಕೆ 200 ಮೀಟರ್ ಹೆಚ್ಚು ಸಿಕ್ಕಿದೆ. ನಾನು ನೆಚ್ಚುವುದು ಇದನ್ನೇ. ಮುಂಜಾನೆಯ ನಾಡಿ ಎಂಟು ವಾರದಲ್ಲಿ ಕೆಲವೇ ಬಡಿತ ಇಳಿಯುತ್ತದೆ, ಕೆಲವರಿಗೆ ಇಳಿಯುವುದೂ ಇಲ್ಲ. ಅದರ ನಿತ್ಯದ ಉಪಯೋಗ ಬೇರೆ: ಸಾಮಾನ್ಯಕ್ಕಿಂತ ಎಂಟು ಹತ್ತು ಹೆಚ್ಚಿದ್ದರೆ ನಿದ್ದೆ ಸಾಲದಾಗಿರಬಹುದು, ಜ್ವರ ಬರುತ್ತಿರಬಹುದು. ಅಂದು ನಡಿಗೆ ಬೇಡ.

ಈ ಲೆಕ್ಕ ಎಲ್ಲರಿಗೂ ನಡೆಯುವುದಿಲ್ಲ. ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ಗುಂಪಿನ ಗುಳಿಗೆ ನುಂಗುವವರಲ್ಲಿ ನಾಡಿ ಏರದಂತೆ ಔಷಧವೇ ತಡೆಯುತ್ತದೆ. 118 ಮುಟ್ಟಲು ಅವರು ಹೋರಾಡಿದರೆ ಅಪಾಯ, ಅದಕ್ಕಾಗಿ ಗುಳಿಗೆ ಬಿಡುವುದು ಇನ್ನೂ ದೊಡ್ಡ ಅಪಾಯ. ಅವರಿಗೆ ಮಾತೇ ಅಳತೆ: ಪೂರ್ತಿ ವಾಕ್ಯ ಆಡಲು ಬರಬೇಕು, ಹಾಡಲು ಬರಬಾರದು. ಬಡಿತ ತಾಳ ತಪ್ಪುತ್ತಿದ್ದರೆ, ವಿಶ್ರಾಂತಿಯಲ್ಲೂ 100 ದಾಟುತ್ತಿದ್ದರೆ, ನಡೆವಾಗ ಎದೆ ಹಿಡಿದರೆ ಅಥವಾ ತಲೆ ತಿರುಗಿದರೆ ಮೊದಲು ಡಾಕ್ಟರು, ಆಮೇಲೆ ಮೈದಾನ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು ಶುರು ಮಾಡುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಇನ್ನು ನಮ್ಮ ಬಿಸಿಲು. ಏಪ್ರಿಲ್‌ನಲ್ಲಿ 40 ಡಿಗ್ರಿ ಮುಟ್ಟುವ ನಾಡಿದು. ಮೈ ತಂಪಾಗಿಸಲು ರಕ್ತ ಚರ್ಮದ ಕಡೆ ಹರಿಯುತ್ತದೆ, ಬೆವರಿ ನೀರೂ ಕಡಿಮೆಯಾಗುತ್ತದೆ, ಆದ್ದರಿಂದ ಅದೇ ವೇಗದಲ್ಲಿ ನಡೆದರೂ ನಾಡಿ ಹತ್ತಕ್ಕಿಂತ ಹೆಚ್ಚು ಏರಬಹುದು. ಅಂಥ ದಿನ ಸಂಖ್ಯೆಯ ಮಾತು ಕೇಳಿ ವೇಗ ಇಳಿಸಬೇಕು. ಬಿಳಿಜೋಳ ಬಿತ್ತುವ ಹೊತ್ತಿಗೆ, ಅಂದರೆ ಮಳೆ ಹಿಂದಾದ ಅಕ್ಟೋಬರಿನಲ್ಲಿ ಶುರು ಮಾಡಿದರೆ ಎಂಟೂ ವಾರ ತಂಪಿನಲ್ಲೇ ಮುಗಿಯುತ್ತವೆ. ಆಗ ನಮ್ಮ ಗುಮಾಸ್ತರ ನಾಡಿ 78ರಿಂದ 74ಕ್ಕೆ ಇಳಿದಿದ್ದರೆ ಮೀಸಲು 105 ಆಗುತ್ತದೆ. ಹೊಸ ಲೆಕ್ಕದಲ್ಲಿ ಶೇ 50ಕ್ಕೆ 127, ಶೇ 60ಕ್ಕೆ 137. ಮುಂದಿನ ಸುತ್ತಿನ ನಡಿಗೆ ಈ ಎರಡರ ನಡುವೆ.